ನಲವತ್ತೇಳನೇ ನಂಬರಿನ ಹಂದಿ

ಟ್ರೋಲ್ಸ್ ಬುಂಡ್‌ಗೋರನ ಕಥೆಯನ್ನು ಅವನ ತಲೆಗೂದಲಿನಿಂದಲೇ ಶುರು ಮಾಡಬೇಕು. ಅವನ ಕಷ್ಟಗಳೆಲ್ಲ ಅಲ್ಲಿಂದಲೇ ಇಳಿದು ಬಂದವು. ಗೋಧಿ ತೆನೆಯ ಬಣ್ಣದ ದಟ್ಟ ಕೂದಲು ಅವನದು. ಬೆಳಿಗ್ಗೆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಂತು ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ. ಹೆಲ್ಮೆಟ್ ಹಾಕಿದರೆ ಕೂದಲು ಮಲಗಿಬಿಡುತ್ತದೆಂದು ಬರೀ ತಲೆಯಲ್ಲೇ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಬರುತ್ತಿದ್ದ. ಕೆಲಸದ ಜಾಗದಲ್ಲಿ ಅವನ ಕೂದಲನ್ನು ನೋಡುತ್ತಿದ್ದುದು ನಾವು ಆರು ಮಂದಿ ಮತ್ತು ಇನ್ನೂರ ಹತ್ತು ಗಂಡು ಹಂದಿಗಳು. ಅದೂ ಒಳಗೆ ಬರುವಾಗ ಎಲ್ಲರೂ ಸ್ನಾನ ಮಾಡಿ, ಸ್ಟೇಷನ್ನಿನ ಬಟ್ಟೆ, ಸ್ಟೇಷನ್ನಿನ ಟೋಪಿ ಹಾಕಿಕೊಂಡೇ ಬರಬೇಕಾದ ಜಾಗ. ಆದರೂ ಟ್ರೋಲ್ಸ್ ಕೂದಲು ನಿಲ್ಲಿಸುವುದನ್ನು ಬಿಡಲಿಲ್ಲ.

ಅವನಿಗೆ ಮೂವತ್ತು ತುಂಬಿದ ಚಳಿಗಾಲದಲ್ಲಿ ರಸ್ತೆಯ ಮೇಲೆ ಗಾಜಿನಂತೆ ಮಂಜುಗಟ್ಟಿತ್ತು. ಸಕ್ಕರೆ ಕಾರ್ಖಾನೆಯ ತಿರುವಿನಲ್ಲಿ ಸೈಕಲ್ ಜಾರಿತು, ತಲೆ ಕಲ್ಲಿಗೆ ಹೊಡೆಯಿತು. ಹದಿನೈದು ದಿನ ಆಸ್ಪತ್ರೆ. ಎದ್ದು ಬಂದಾಗ ಅವನ ಮೊದಲ ಮಾತು, ಹೊಲಿಗೆ ಹಾಕುವಾಗ ಮುಂದಿನ ಕೂದಲು ಬೋಳಿಸಿಬಿಟ್ಟರು ಎಂಬುದು. ತಲೆಯೊಳಗೆ ಏನಾಯಿತೆಂದು ಅವನು ಕೇಳಲಿಲ್ಲ. ಆರು ತಿಂಗಳ ಮೇಲೆ ಬಂದು ರಕ್ತ ಪರೀಕ್ಷೆ ಮಾಡಿಸಿಕೋ ಎಂದು ಆಸ್ಪತ್ರೆಯವರು ಕಾಗದ ಕಳಿಸಿದ್ದರೆಂದು ಬಹಳ ಕಾಲದ ಮೇಲೆ ತಿಳಿಯಿತು. ಆ ಕಾಗದ ಈಗಲೂ ಅವನ ಅಡುಗೆಮನೆಯ ಡ್ರಾಯರಿನಲ್ಲಿದೆ, ಬಿಚ್ಚದೆ.

ನಮ್ಮದು ಯೂಟ್ಲೆಂಡ್ ಪರ್ಯಾಯದ್ವೀಪದ ಪಡುವಣ ಕಡೆ, ಹಂದಿ ವೀರ್ಯದ ಸ್ಟೇಷನ್. ಸುತ್ತಲಿನ ಸಾಕಣೆಯವರಿಗೆಲ್ಲ ಬೀಜ ಹೋಗುವುದು ಇಲ್ಲಿಂದ. ಟ್ರೋಲ್ಸನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮುನ್ನೂರು ಕಿಲೋದ ಹಂದಿಯನ್ನು ಕಬ್ಬಿಣದ ಬೊಂಬೆ ಹಂದಿಯ ಮೇಲೆ ಹತ್ತಿಸುವುದು, ಕೈಗವಸಿನ ಕೈಯಲ್ಲಿ ಕಾಲು ಲೀಟರ್ ವೀರ್ಯ ಹಿಡಿಯುವುದು, ಓಡಿಹೋಗಿ ಪ್ರಯೋಗಾಲಯದ ಕಿಟಕಿಯಲ್ಲಿ ಕೊಡುವುದು. ಮಧ್ಯಾಹ್ನದ ಮೇಲೆ ಅವನೇ ಒಳಗೆ ಕೂತು ಬಿಸಿ ಗಾಜಿನ ಮೇಲೆ ತೊಟ್ಟು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೂರರಲ್ಲಿ ಎಪ್ಪತ್ತು ವೀರ್ಯಾಣು ಚೆನ್ನಾಗಿ ಓಡುತ್ತಿದ್ದರೆ ಸರಿ. ಇಲ್ಲದಿದ್ದರೆ ಆ ಹಂದಿಯ ಹೆಸರಿನ ಮುಂದೆ ಕೆಂಪು ಗೀಟು.

ಪ್ರಯೋಗಾಲಯದ ಯಜಮಾನಿ ಗುದ್ರುನ್. ಅರವತ್ತೊಂದು ವರ್ಷ, ಮೊಣಕೈವರೆಗೂ ಮಡಿಸಿದ ತೋಳು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮೂವತ್ತೆಂಟು ವರ್ಷದಿಂದ ವೀರ್ಯ ನೋಡಿ ನೋಡಿ ಗಂಡುಜಾತಿಯ ಮೇಲೆ ಅವಳಿಗೆ ಯಾವ ಭ್ರಮೆಯೂ ಉಳಿದಿರಲಿಲ್ಲ. ಅವಳ ಮೇಜಿನ ಕಾನೂನು ಎರಡೇ. ಹೆಸರು, ನಂಬರು ಬರೆಯದ ಗಾಜು ಮೇಜಿನ ಮೇಲೆ ಇರಕೂಡದು. ಮತ್ತು ಒಂದು ಸ್ಯಾಂಪಲ್ ಕೆಟ್ಟಿತೆಂದು ಯಾವ ಹಂದಿಯನ್ನೂ ಲಾರಿ ಹತ್ತಿಸಕೂಡದು. ವಾರಗಳ ಅಂತರ ಬಿಟ್ಟು ಮೂರು ಸಲ ನೋಡಬೇಕು. ಜ್ವರ ಬಂದ ಹಂದಿ ಒಂದೂವರೆ ತಿಂಗಳಲ್ಲಿ ಸುಧಾರಿಸುತ್ತದೆ, ಬೀಜ ಹುಟ್ಟಿ ಹೊರಗೆ ಬರಲು ಅಷ್ಟು ಹೊತ್ತು ಬೇಕು, ಅವಸರ ಮಾಡುವವನು ಒಳ್ಳೇ ಹಂದಿಯನ್ನು ಕಸಾಯಿಖಾನೆಗೆ ಕಳಿಸುತ್ತಾನೆ ಎನ್ನುತ್ತಿದ್ದಳು.

ಟ್ರೋಲ್ಸನ ಹೆಂಡತಿ ಮಾಯ್ಕೆನ್ ಶಾಲೆಯ ಬಸ್ಸು ಓಡಿಸುವವಳು. ಕಡಿಮೆ ಮಾತು, ಬಿಗಿ ಹಿಡಿತ. ಮೂವತ್ನಾಲ್ಕಕ್ಕೆ ಬಂದಾಗ ಮಗು ಬೇಕೆಂದಳು. ಬೇಕೆಂದ ವಾರವೇ ಟ್ರೋಲ್ಸ್ ಗ್ಯಾರೇಜಿನಲ್ಲಿ ಹಲಗೆ ಕೊಯ್ದು ಆಳೆತ್ತರದ ಕೊಕ್ಕರೆ ಮಾಡಿದ. ಮಗು ಹುಟ್ಟಿದ ಮನೆಯ ಅಂಗಳದಲ್ಲಿ ಮರದ ಕೊಕ್ಕರೆ ನೆಡುವುದು ಇಲ್ಲಿನ ರೂಢಿ. ಅದನ್ನು ನೆಡುವವರು ಗೆಳೆಯರು, ನೆರೆಯವರು. ಅದೂ ಮಗು ಹುಟ್ಟಿದ ಮೇಲೆ. ಇವನು ಗರ್ಭ ನಿಲ್ಲುವ ಮೊದಲೇ ತಾನೇ ಕೊಯ್ದು, ಸ್ಟೇಷನ್ನಿನಲ್ಲಿ ಎಲ್ಲರೂ ಕೂಡಿ ತಿನ್ನುವ ಶುಕ್ರವಾರದ ಬೆಳಗಿನ ಬ್ರೆಡ್ಡಿನ ಹೊತ್ತಿಗೆ ಫೋನಿನಲ್ಲಿ ಅದರ ಫೋಟೋ ತೋರಿಸಿದ.

"ಕಾಲು ಉದ್ದ ಆಯ್ತು," ಅಂದಳು ಗುದ್ರುನ್.

"ನಾನೂ ಎತ್ತರ ತಾನೇ? ಮಗೂನೂ ಎತ್ತರವೇ ಇರತ್ತೆ."

"ಮಗು ಎಲ್ಲಿದೆಯೋ?"

"ಬರತ್ತೆ ಬಿಡು. ನನ್ನಂಥೋನಿಗೆ ಎಷ್ಟು ಹೊತ್ತು?"

ಒಂದು ವರ್ಷ ಹೋಯಿತು. ಕೊಕ್ಕರೆ ಗ್ಯಾರೇಜಿನಲ್ಲಿ ಚಳಿಗಾಲದ ಟೈರುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ಅಷ್ಟರಲ್ಲಿ ಟ್ರೋಲ್ಸ್ ಬತ್ತಿಹೋಗುತ್ತಿದ್ದ. ಸಂಜೆ ಏಳಕ್ಕೇ ಸೋಫಾದ ಮೇಲೆ ನಿದ್ದೆ. ಮೊದಲು ದಿನಾ ಗಡ್ಡ ಹೆರೆಯುತ್ತಿದ್ದವನಿಗೆ ಈಗ ಮೂರು ದಿನಕ್ಕೊಮ್ಮೆ ಹೆರೆದರೂ ನಡೆಯುತ್ತಿತ್ತು. ಹೆಂಡತಿಯ ಕಡೆಗಿನ ಆಸೆಯೂ ತಣ್ಣಗಾಗಿತ್ತು. ಊರಿನ ಡಾಕ್ಟರ ಹತ್ತಿರ ಹೋಗು ಎಂದು ಮಾಯ್ಕೆನ್ ಹೇಳಿದಳು. ಊರಿನ ಡಾಕ್ಟರು ಅವನ ಜೊತೆ ಹ್ಯಾಂಡ್‌ಬಾಲ್ ಆಡುವವರು. ಅವರ ಮುಂದೆ ಇದನ್ನೆಲ್ಲ ಹೇಳುವುದೇ? ಟ್ರೋಲ್ಸ್ ಒಂದು ದಿನ ರಜೆ ಹಾಕಿ ದೊಡ್ಡ ಪಟ್ಟಣದ ಗಂಡಸರ ಕ್ಲಿನಿಕ್ಕಿಗೆ ಹೋದ. ಗೋಡೆಯ ತುಂಬಾ ಸಮುದ್ರದಿಂದ ಎದ್ದು ಬರುತ್ತಿರುವ ಸಿಕ್ಸ್-ಪ್ಯಾಕ್ ಗಂಡಸರ ಚಿತ್ರ, ಚರ್ಮದ ಕುರ್ಚಿ, ಒಳ್ಳೆಯ ಕಾಫಿ. ರಕ್ತ ತೆಗೆದು ಟೆಸ್ಟೋಸ್ಟಿರಾನ್ ಒಂದನ್ನೇ ಅಳೆದರು. ಕಡಿಮೆ ಇತ್ತು, ನಿಜವಾಗಿಯೂ ಕಡಿಮೆ. ಯಾಕೆ ಕಡಿಮೆ ಎಂಬುದು ಅಲ್ಲಿನ ಯಾರಿಗೂ ಬೇಕಿರಲಿಲ್ಲ. ಕಾರು ನಿಂತರೆ ಪೆಟ್ರೋಲ್ ಹಾಕಿ ಕಳಿಸುವವರು, ಟ್ಯಾಂಕಿನ ತೂತು ನೋಡುವವರಲ್ಲ.

ಒಂದು ಫಾರಂ ಕೊಟ್ಟರು. ಅದರ ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ಮುಂದೆ ಮಕ್ಕಳು ಬೇಕೆಂಬ ಯೋಚನೆ ಇದೆಯೇ? ಫಾರಂ ಕೊಟ್ಟ ಹುಡುಗಿ ಚೆಂದವಾಗಿದ್ದಳು, ಎದುರಿಗೇ ಕೂತಿದ್ದಳು. ಹೌದು ಎಂದು ಗೀಟಿದರೆ, ಪಾಪ, ಇವನಿಗೆ ಆಗುತ್ತಿಲ್ಲ ಅನ್ನಿಸಿಕೊಳ್ಳಬೇಕಲ್ಲ! ಟ್ರೋಲ್ಸ್ ಕೂದಲ ಮೇಲೆ ಕೈಯಾಡಿಸಿ 'ಇಲ್ಲ' ಎಂದು ಗೀಟಿದ. ಅವನ ಕೈಗೆ ಮಿರುಗುವ ಪೊಟ್ಟಣಗಳ ಪೆಟ್ಟಿಗೆ ಬಂತು. ದಿನಕ್ಕೊಂದು ಪೊಟ್ಟಣ, ಬೆಳಿಗ್ಗೆ ಭುಜಕ್ಕೆ ಸವರಿಕೊಳ್ಳುವ ಜೆಲ್.

ಜೆಲ್ ಕೆಲಸ ಮಾಡಿತು. ಆ ಮಾತಿನಲ್ಲಿ ಮೋಸವಿಲ್ಲ. ಎರಡು ತಿಂಗಳಲ್ಲಿ ಗಡ್ಡ ಮರಳಿತು, ದನಿ ಏರಿತು, ಎದೆ ಉಬ್ಬಿತು. ಹಂದಿಗಳನ್ನು ಒಂದೇ ಕೈಯಲ್ಲಿ ತಳ್ಳತೊಡಗಿದ. ಹಾಸಿಗೆಯಲ್ಲೂ ಉತ್ಸಾಹ ಬಂತು. "ಈ ತಿಂಗಳು ನೋಡು," ಎಂದು ಮಾಯ್ಕೆನ್‌ಗೆ ಪ್ರತಿ ತಿಂಗಳೂ ಹೇಳುತ್ತಿದ್ದ. ಆ ತಿಂಗಳು ಬರಲೇ ಇಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ, ಶಕ್ತಿ ಇನ್ನೂ ಸ್ವಲ್ಪ ಬೇಕು ಅಂದ. ಎರಡು ಪೊಟ್ಟಣ ಹಚ್ಚಿಕೋ ಅಂದರು. ಹಚ್ಚಿಕೊಂಡ.

ಅತ್ತ ಮಾಯ್ಕೆನ್ ಒಬ್ಬಳೇ ಆಸ್ಪತ್ರೆ ಅಲೆದಳು. ರಕ್ತ ಕೊಟ್ಟಳು, ಸ್ಕ್ಯಾನ್ ಮಾಡಿಸಿಕೊಂಡಳು. ಗರ್ಭನಾಳದಲ್ಲಿ ಬಣ್ಣದ ದ್ರವ ಹಾಯಿಸಿ ನೋಡಿದರು. ಹಲ್ಲು ಕಚ್ಚಿಕೊಂಡು ಮಲಗಿದ್ದಳು, ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದಳು. ಎಲ್ಲವೂ ಸರಿಯಿತ್ತು. ಇನ್ನು ಗಂಡನ ಸ್ಯಾಂಪಲ್ ತನ್ನಿ ಅಂದರು.

"ನನ್ನದಾ?" ನಕ್ಕ ಟ್ರೋಲ್ಸ್. "ದಿನಾ ಇದನ್ನೇ ನೋಡೋ ಕೆಲಸ ನಂದು. ನಂದು ಹೇಗಿದೆ ಅಂತ ನನಗೆ ಗೊತ್ತಾಗಲ್ವಾ?"

"ನೋಡಿದ್ದೀಯಾ?" ಅಂದಳು ಮಾಯ್ಕೆನ್.

"ನೋಡೋದೇನಿದೆ?"

"ಎಂಟು ತಿಂಗಳಿಂದ ನನ್ನ ಹೊಟ್ಟೆ ಎಲ್ಲರಿಗೂ ತೋರಿಸ್ಕೊಂಡು ಬಂದಿದ್ದೀನಿ ಟ್ರೋಲ್ಸ್. ನೀನು ಒಂದು ಡಬ್ಬಿ ತುಂಬಿಸಿ ಕೊಡಕ್ಕೆ ಆಗಲ್ವಾ? ಮುಂದಿನ ತಿಂಗಳು ನಂಗೆ ಮೂವತ್ತಾರು. ಇನ್ನೊಂದು ವರ್ಷ ಹೀಗೇ ಹೋಯ್ತೋ, ನಾನು ದಾನಿಯ ಬೀಜ ತಗೊಂಡು ಒಬ್ಬಳೇ ಮಗು ಮಾಡ್ಕೋತೀನಿ. ಸುಮ್ನೆ ಹೇಳ್ತಿಲ್ಲ."

ಸುಮ್ಮನೆ ಹೇಳುವ ಹೆಂಗಸಲ್ಲ ಅವಳು. ಈ ದೇಶದಲ್ಲಿ ಆ ದಾರಿ ತೆರೆದೇ ಇದೆ. ಟ್ರೋಲ್ಸನ ಎದೆಯ ಗಾಳಿ ಆಗ ಮೊದಲ ಸಲ ಇಳಿಯಿತು. ಆದರೂ ಆಸ್ಪತ್ರೆಗೆ ಹೋಗಲಿಲ್ಲ. ತಾನೇ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಗತ್ತಿನಿಂದ ಹೋಗೋಣವೆಂದುಕೊಂಡ.

ಸೆಪ್ಟೆಂಬರಿನ ಒಂದು ಮಂಗಳವಾರ, ಎಲ್ಲರೂ ಊಟಕ್ಕೆ ಹೋದ ಹೊತ್ತು. ಟ್ರೋಲ್ಸ್ ಸ್ಟೇಷನ್ನಿನ ಶೌಚಾಲಯದಿಂದ ಒಂದು ಲೋಟ ಹಿಡಿದು ಪ್ರಯೋಗಾಲಯಕ್ಕೆ ನುಗ್ಗಿದ. ಒಂದು ತೊಟ್ಟನ್ನು ಬಿಸಿ ಗಾಜಿನ ಮೇಲೆ ಹಾಕಿದ. ಇಷ್ಟು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಪೆನ್ಸಿಲ್ ಎತ್ತಿತು. ನಂಬರಿಲ್ಲದ ಗಾಜು ಮೇಜಿನ ಮೇಲೆ ಇರಕೂಡದಲ್ಲ. ಬಾಯಿಗೆ ಬಂದ ನಂಬರು ಬರೆದ: ನಲವತ್ತೇಳು. ಕಣ್ಣಿಟ್ಟ. ಖಾಲಿ. ಗಾಜು ಬದಲಿಸಿ ಇನ್ನೊಂದು ತೊಟ್ಟು ಹಾಕಿದ. ಖಾಲಿ. ಉಳಿದದ್ದನ್ನು ಕೊಳವೆಗೆ ಸುರಿದು ಯಂತ್ರದಲ್ಲಿ ಗಿರಗಿರ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದ. ಅಲ್ಲಿ ಇಲ್ಲಿ ಒಂದೊಂದು ದುಂಡು ಕಣ. ಬಾಲವಿರುವುದು, ಓಡುವುದು, ಸತ್ತು ಬಿದ್ದಿರುವುದು, ಒಂದೂ ಇಲ್ಲ.

ಆಗ ಗುದ್ರುನ್ ಕೈಯಲ್ಲಿ ಅರ್ಧ ಕಚ್ಚಿದ ರೈ ಬ್ರೆಡ್ ಹಿಡಿದು ಒಳಗೆ ಬಂದಳು. ನಾನು ಪಕ್ಕದ ಕೋಣೆಯಲ್ಲಿ ಡೋಸು ಪ್ಯಾಕ್ ಮಾಡುತ್ತಿದ್ದೆ, ನಡುವೆ ತೆರೆದ ಕಿಟಕಿ.

"ಸರಿ ಆಚೆಗೆ," ಅಂದು ಅವನನ್ನು ಸೊಂಟದಿಂದ ತಳ್ಳಿ ಕಣ್ಣಿಟ್ಟಳು. ಸ್ವಲ್ಪ ಹೊತ್ತು ಗಾಜನ್ನು ಆಚೆ ಈಚೆ ಸರಿಸಿದಳು. "ಥೂ! ಇದೇನು, ನೀರಾ? ಒಂದೂ ಇಲ್ವಲ್ಲೋ. ಇಂಥ ಹಂದೀನ ಇಟ್ಕೊಂಡು ಯಾಕೆ ಮೇವು ದಂಡ ಮಾಡ್ತಾ ಇದ್ದೀವಿ? ಯಾವುದಿದು? ನಲವತ್ತೇಳು." ಕನ್ನಡಕ ಏರಿಸಿ ಮತ್ತೆ ಓದಿದಳು. "ನಲವತ್ತೇಳು ಮಾರ್ಚಲ್ಲೇ ಲಾರಿ ಹತ್ತಿತಲ್ಲ. ಆ ದೊಡ್ಡಿ ಖಾಲಿ ಇದೆ."

ಟ್ರೋಲ್ಸ್ ನೆಲ ನೋಡುತ್ತಿದ್ದ. ಟೋಪಿ ಜಾರಿ ಕೂದಲೆಲ್ಲ ಕಿವಿಯ ಮೇಲೆ ಮಲಗಿತ್ತು.

ಗುದ್ರುನ್ ಬ್ರೆಡ್ಡನ್ನು ಕೆಳಗಿಟ್ಟಳು. ಗಾಜು ನೋಡಿದಳು, ಅವನನ್ನು ನೋಡಿದಳು. ಅವಳು ನಗುತ್ತಾಳೆಂದು ನಾನು ಕಾದೆ. ನಗಲಿಲ್ಲ.

"ಬಾಗಿಲು ಹಾಕು," ಅಂದಳು. ಕಿಟಕಿ ಹಾಕುವುದನ್ನು ಮರೆತಳು. "ಏನು ತಗೋತಾ ಇದ್ದೀಯಾ?"

"ಏನೂ ಇಲ್ಲ."

"ಲೋ ಟ್ರೋಲ್ಸ್. ಹೋದ ವರ್ಷ ಬೆಕ್ಕಿನ ಥರ ಬಿದ್ಕೊಂಡಿರ್ತಿದ್ದೋನು ಈಗ ಗೂಳಿ ಥರ ಗುಟುರು ಹಾಕ್ತೀಯಾ. ಮುಖದ ತುಂಬಾ ಮೊಡವೆ. ಏನು ತಗೋತಾ ಇದ್ದೀಯಾ?"

ಅವನು ಜೆಲ್ಲಿನ ವಿಷಯ ಹೇಳಿದ, ಎರಡು ಪೊಟ್ಟಣದ ವಿಷಯ ಹೇಳಿದ. ಫಾರಂನಲ್ಲಿ ಗೀಟಿದ್ದನ್ನೂ ಹೇಳಿದ.

"ಇಲ್ಲಿ ಎಷ್ಟು ವರ್ಷ ಆಯ್ತು ನಿಂಗೆ?"

"ಹನ್ನೊಂದು."

"ಹನ್ನೊಂದು ವರ್ಷದಲ್ಲಿ, ಬೀಜ ಹೆಚ್ಚಾಗ್ಲಿ ಅಂತ ಯಾವನಾದ್ರೂ ಹಂದಿಗೆ ಟೆಸ್ಟೋಸ್ಟಿರಾನ್ ಹಚ್ಚಿದ್ದು ನೋಡಿದ್ದೀಯಾ?"

"ಇಲ್ಲ."

"ಯಾಕಿಲ್ಲ ಅಂತ ಒಂದು ದಿನಾನಾದ್ರೂ ಯೋಚನೆ ಮಾಡಿದ್ಯಾ? ನಾವೇನು ಜಿಪುಣರಾ? ಹಚ್ಚಿದ್ರೆ ಬೀಜ ನಿಂತು ಹೋಗತ್ತೆ, ಅದಕ್ಕೆ! ಬೀಜ ಮಾಡು ಅಂತ ತಲೆಯಿಂದ ಕೆಳಕ್ಕೆ ಅಪ್ಪಣೆ ಹೋಗ್ಬೇಕು. ಊಟ ದಿನಾ ಹೋಟೆಲಿಂದ ಬರ್ತಾ ಇದ್ರೆ ಮನೇಲಿ ಒಲೆ ಹಚ್ಚು ಅಂತ ಯಾರು ಹೇಳ್ತಾರೆ? ನಿನ್ನ ರಕ್ತದ ತುಂಬಾ ಹೊರಗಿನ ಸರಕು. ತಲೆ ನೋಡ್ತು, ಸಾಕಷ್ಟಿದೆ ಅಂದ್ಕೊಳ್ತು, ಅಪ್ಪಣೆ ನಿಲ್ಲಿಸ್ತು. ಕೆಳಗಿನ ಅಡುಗೆಮನೆ ಬೀಗ ಹಾಕ್ಕೊಂಡು ಕೂತಿದೆ. ಚಿಕ್ಕದಾಗಿಲ್ವಾ ಅವು?"

ಟ್ರೋಲ್ಸ್ ತಲೆ ಆಡಿಸಿದ. "ಚಳಿಗೆ ಅಂದ್ಕೊಂಡಿದ್ದೆ."

"ಬೇಸಿಗೇಲಿ ಚಳಿಯಾ?"

ಗುದ್ರುನ್ ಆ ಗಾಜನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು. "ಹೆಂಗಸು ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸ್ಕೊಂಡು ಸಾಯ್ತಾ ಇದ್ರೆ ಇವನು ಭುಜಕ್ಕೆ ಮುಲಾಮು ತಿಕ್ಕೊಂಡು ಕೂತಿದ್ದ. ಹೋಗು, ಇವತ್ತೇ ಮಾಯ್ಕೆನ್‌ಗೆ ಹೇಳು. ನಾಳೆ ಡಾಕ್ಟರ್ ಹತ್ರ ಹೋಗು. ಒಂದು ಸ್ಯಾಂಪಲ್ಲಿಗೆ ನಾನು ಯಾವ ಹಂದೀನೂ ಕೊಂದಿಲ್ಲ, ನಿನ್ನನ್ನೂ ಬಿಟ್ಟಿದ್ದೀನಿ."

ಅಂದಿನಿಂದ ಸ್ಟೇಷನ್ನಿನಲ್ಲಿ ಅವನ ಹೆಸರು ನಲವತ್ತೇಳು. ಯಾರು ಹಬ್ಬಿಸಿದರೆಂದು ಕೇಳಬೇಡಿ. ಕಿಟಕಿ ತೆರೆದಿತ್ತು ಎಂದು ಹೇಳಿದೆನಲ್ಲ.

ಮಾಯ್ಕೆನ್ ಬೈಯಲಿಲ್ಲ. ಪೊಟ್ಟಣಗಳ ಪೆಟ್ಟಿಗೆಯನ್ನು ಎತ್ತಿಕೊಂಡು ಬಸ್ಸಿನ ಮುಂದಿನ ಗಾಜಿನ ಮೂಲೆಯಲ್ಲಿ ಇಟ್ಟುಕೊಂಡಳು. ಆಸ್ಪತ್ರೆಯಿಂದ ಕರೆ ಬರುವವರೆಗೆ ಅದು ಅಲ್ಲೇ ಇತ್ತು. ದಿನಾ ಎರಡು ಸಲ ಅವರ ಮನೆಯ ಮುಂದೆಯೇ, ಅವನ ಕಣ್ಣಿಗೆ ಬೀಳುವಂತೆ, ಹಾದು ಹೋಗುವ ಬಸ್ಸು ಅದು.

ದೊಡ್ಡ ಆಸ್ಪತ್ರೆಯ ಡಾಕ್ಟರ್ ಬೋದಿಲ್ ಸಣ್ಣ ಆಳು, ಉಣ್ಣೆಯ ಸ್ವೆಟರ್, ನಿಧಾನದ ಮಾತು. ಕ್ಲಿನಿಕ್ಕಿನವರು ಅಳೆಯದೆ ಬಿಟ್ಟದ್ದನ್ನೆಲ್ಲ ಅಳೆದಳು. ಜೆಲ್ ನಿಲ್ಲಿಸಿ ಕೆಲವು ವಾರ ಬಿಟ್ಟು ಮತ್ತೆ ಅಳೆದಳು. ವೃಷಣಕ್ಕೆ ಅಪ್ಪಣೆ ಕೊಡುವ ಎರಡು ಹಾರ್ಮೋನುಗಳೂ ನೆಲಕಚ್ಚಿದ್ದವು, ಮೇಲೇಳುವ ಸೂಚನೆ ಇರಲಿಲ್ಲ. ತಲೆಗೆ ಏಟು ಬಿದ್ದದ್ದು ಉಂಟೇ ಎಂದು ಕೇಳಿದಳು. ಟ್ರೋಲ್ಸ್ ಸೈಕಲ್ಲಿನ ಕಥೆ ಹೇಳಿದ. ತಲೆಯ ಎಂಆರ್‌ಐ ತೆಗೆಸಿದಳು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಏಟು ತಿಂದು ಚಪ್ಪಟೆಯಾಗಿತ್ತು. ಅದರ ಬೇರೆ ಕೆಲಸಗಳು ನಡೆಯುತ್ತಿದ್ದವು. ಈ ಒಂದು ಕೆಲಸ ನಿಂತಿತ್ತು.

"ಹೆಲ್ಮೆಟ್ ಇರಲಿಲ್ವಾ?" ಅಂದಳು ಬೋದಿಲ್.

"ಅದು... ಕೂದಲು..." ಅಂದ ಟ್ರೋಲ್ಸ್.

"ಕೂದಲಿಗೆ ಏನೂ ಆಗಿಲ್ಲ," ಅಂದಳು ಮಾಯ್ಕೆನ್, ಕಿಟಕಿಯ ಕಡೆ ನೋಡುತ್ತಾ.

"ಹಾಗಾದ್ರೆ ಜೆಲ್ಲಿಂದ ಆಗಿದ್ದಲ್ಲ ಇದು," ಅಂದ ಟ್ರೋಲ್ಸ್, ಸ್ವಲ್ಪ ಎದೆ ಎತ್ತಿ.

"ಏಟು ಬಿದ್ದ ಗ್ರಂಥಿ ಮೊದಲೇ ಕುಂಟ್ತಾ ಇತ್ತು. ಉಳಿದಿದ್ದ ಒಂದು ಕಾಲನ್ನ ನಿನ್ನ ಎರಡು ಪೊಟ್ಟಣ ಮುರೀತು," ಅಂದಳು ಬೋದಿಲ್. "ಟೆಸ್ಟೋಸ್ಟಿರಾನ್ ಕೆಟ್ಟದ್ದಲ್ಲ. ಮಕ್ಕಳು ಬೇಡ ಅನ್ನೋನು ನಿನ್ನ ಜಾಗದಲ್ಲಿದ್ದಿದ್ರೆ ನಾನೇ ಕೊಡ್ತಿದ್ದೆ. ಮಗು ಬೇಕು ಅನ್ನೋನಿಗೆ ಕೊಡೋ ಔಷಧಿ ಅಲ್ಲ ಅದು. ಬೀಜ ಆಗಬೇಕಾದ್ರೆ ವೃಷಣದ ಒಳಗೆ ಟೆಸ್ಟೋಸ್ಟಿರಾನ್ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಇರಬೇಕು. ಅಷ್ಟನ್ನ ಅದು ತಾನೇ ಒಳಗೆ ಮಾಡ್ಕೋಬೇಕು. ಭುಜಕ್ಕೆ ಎಷ್ಟೇ ಹಚ್ಚಿದ್ರೂ ಅಲ್ಲಿಗೆ ಅಷ್ಟು ಮುಟ್ಟಲ್ಲ."

"ಕ್ಲೋಮಿಫೀನ್ ಅಂತ ಒಂದು ಮಾತ್ರೆ ಇದೆಯಂತೆ," ಅಂದಳು ಮಾಯ್ಕೆನ್. ಬಸ್ಸು ನಿಂತಾಗೆಲ್ಲ ಅವಳು ಓದಿಕೊಳ್ಳುತ್ತಿದ್ದಳು.

"ಇದೆ. ಆ ಮಾತ್ರೆ ತಲೆಯಲ್ಲಿ ಈಸ್ಟ್ರೊಜೆನ್ ನೋಡೋ ಕಣ್ಣನ್ನ ಕಟ್ಟತ್ತೆ. ಹಾರ್ಮೋನು ಸಾಲದು ಅಂತ ತಲೆಗೆ ಅನ್ಸತ್ತೆ, ಗ್ರಂಥಿ ಅಪ್ಪಣೆ ಹೆಚ್ಚಿಸತ್ತೆ. ದಪ್ಪಗಾಗಿ ಹಾರ್ಮೋನು ಇಳಿದ ಎಷ್ಟೋ ಗಂಡಸರಿಗೆ ಅದರಿಂದ ಆಗತ್ತೆ, ಬೀಜಾನೂ ಉಳಿಯತ್ತೆ. ಆದ್ರೆ ಅಪ್ಪಣೆ ಕೊಡೋ ಗ್ರಂಥಿ ಗಟ್ಟಿ ಇರಬೇಕಲ್ಲ? ಇವನದ್ದು ಇಲ್ಲ. ಇವನಿಗೆ ಅಪ್ಪಣೇನೇ ಸೂಜಿಯಲ್ಲಿ ಕೊಡಬೇಕು. ಮೊದಲು ಎಚ್‌ಸಿಜಿ, ಟೆಸ್ಟೋಸ್ಟಿರಾನ್ ಮಾಡು ಅನ್ನೋ ಅಪ್ಪಣೆಯ ಬದಲಿ, ವಾರಕ್ಕೆ ಮೂರು ಸಲ. ಅಷ್ಟಕ್ಕೇ ಬೀಜ ಬರದೇ ಇದ್ರೆ ಎಫ್‌ಎಸ್‌ಎಚ್ ಸೇರಿಸೋಣ. ಗಡ್ಡ, ಶಕ್ತಿ ಯಾವುದೂ ಹೋಗಲ್ಲ, ಅದನ್ನ ನಿನ್ನ ವೃಷಣವೇ ಮಾಡ್ಕೊಳ್ಳತ್ತೆ."

"ಎಷ್ಟು ದಿನ?"

"ದಿನ ಅಲ್ಲ. ಒಂದು ವೀರ್ಯಾಣು ಹುಟ್ಟಿ ಬೆಳೆಯೋಕೆ ಎರಡೂವರೆ ತಿಂಗಳು. ನಿನ್ನಲ್ಲಿ ಎಲ್ಲ ಮೊದಲಿಂದ ಶುರುವಾಗಬೇಕು. ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಬಂದೇ ಬರತ್ತೆ ಅಂತ ಮಾತು ಕೊಡಲ್ಲ. ಆದ್ರೆ ದೊಡ್ಡವನಾದ ಮೇಲೆ ಗ್ರಂಥಿ ಕೆಟ್ಟೋರಿಗೆ ಬರೋದೇ ಹೆಚ್ಚು."

ಒಂದು ವರ್ಷ. ಮಾಯ್ಕೆನ್ ಕೊಟ್ಟಿದ್ದ ಗಡುವೂ ಅಷ್ಟೇ. ಕಾರಿನಲ್ಲಿ ಕೂತ ಮೇಲೆ, "ಇವತ್ತಿಂದ ಲೆಕ್ಕ," ಅಂದಳು.

ಇನ್ನು ಆ ಸೂಜಿಯ ಪ್ರಹಸನ ಕೇಳಿ. ಲಸಿಕೆಯ ದಿನ ನಲವತ್ತು ಹಂದಿಗೆ ಚುಚ್ಚುವ ಗಂಡಸು, ತನ್ನ ಹೊಟ್ಟೆಯ ಚರ್ಮಕ್ಕೆ ಕೂದಲೆಳೆಯಂಥ ಸೂಜಿ ಚುಚ್ಚಲಾರದೆ ಬಿಳಿಚಿಕೊಂಡು ಕೂತ. ಮೊದಲ ದಿನ ಊಟದ ಕೋಣೆಯಲ್ಲಿ ಅಂಗಿ ಎತ್ತಿಕೊಂಡು ಕಾಲು ಗಂಟೆ ಉಸಿರು ಬಿಟ್ಟ.

"ಕೊಡು ಇಲ್ಲಿ," ಅಂದಳು ಗುದ್ರುನ್.

"ನಿಧಾನ!"

"ಅಲ್ಲಾಡ್ಬೇಡ ನಲವತ್ತೇಳು. ಮೂಗಿಗೆ ಹಗ್ಗ ಹಾಕ್ಬೇಕಾ?" ಅನ್ನುವಷ್ಟರಲ್ಲಿ ಚುಚ್ಚಿ ಮುಗಿಸಿದ್ದಳು. "ಹಂದಿಗಳು ಇದಕ್ಕಿಂತ ಮರ್ಯಾದಸ್ಥ ಪ್ರಾಣಿಗಳು."

ಸೋಮವಾರ, ಬುಧವಾರ, ಶುಕ್ರವಾರ. ಔಷಧಿಯ ಶೀಶೆ ಊಟದ ಕೋಣೆಯ ಫ್ರಿಜ್ಜಿನಲ್ಲಿ, ಯಾರೋ ಬ್ರೆಡ್ಡಿಗೆ ಸವರಲು ಇಟ್ಟ ಲಿವರ್ ಪೇಸ್ಟಿನ ಡಬ್ಬಿಯ ಪಕ್ಕ. ಅದರ ಮೇಲೂ ಯಾರೋ 47 ಎಂದು ಬರೆದಿದ್ದರು. ಮೂರನೇ ವಾರಕ್ಕೆ ಅವನೇ ಚುಚ್ಚಿಕೊಳ್ಳಲು ಕಲಿತ. ಆಮೇಲೆ ಮೊಲೆತೊಟ್ಟು ನೋಯುತ್ತಿದೆ ಎಂದು ಗೋಳು ಶುರುವಾಯಿತು. ಹೊಸ ಹಾರ್ಮೋನಿನ ಒಂದು ಪಾಲು ಈಸ್ಟ್ರೊಜೆನ್ ಆಗುವುದರಿಂದ ಹಾಗಾಗುತ್ತದೆ ಎಂದ ಬೋದಿಲ್ ಪ್ರಮಾಣ ಸ್ವಲ್ಪ ಇಳಿಸಿದಳು. ನೋವು ಇಳಿಯುವವರೆಗಿನ ಎರಡು ವಾರ ಅವನು ಸೀಟ್‌ಬೆಲ್ಟ್ ಕಟ್ಟುವಾಗೆಲ್ಲ ನರಳುತ್ತಿದ್ದ. ಬಣ್ಣದ ದ್ರವ ಹಾಯಿಸಿಕೊಂಡು ಬಂದಿದ್ದ ಮಾಯ್ಕೆನ್ ಆ ನರಳಾಟವನ್ನು ರೇಡಿಯೋ ಕೇಳಿದಷ್ಟೇ ಗಮನವಿಟ್ಟು ಕೇಳಿದಳಂತೆ.

ನಾಲ್ಕು ತಿಂಗಳಾಯಿತು, ಮಾರ್ಚ್ ಬಂತು. ರಕ್ತದಲ್ಲಿ ಟೆಸ್ಟೋಸ್ಟಿರಾನ್ ಸರಿಯಾಗಿತ್ತು, ಜೆಲ್ಲಿನದಲ್ಲ, ಅವನದೇ. ವೃಷಣಗಳು ಮತ್ತೆ ತುಂಬಿಕೊಳ್ಳುತ್ತಿದ್ದವು. ಆಸ್ಪತ್ರೆಯಲ್ಲಿ ಸ್ಯಾಂಪಲ್ ಕೊಟ್ಟ. ಸೊನ್ನೆ.

ಅಂದು ಮಧ್ಯಾಹ್ನ ಟ್ರೋಲ್ಸ್ ನಲವತ್ತೇಳನೇ ದೊಡ್ಡಿಯಲ್ಲಿ ಹುಲ್ಲಿನ ಮೇಲೆ ಕೂತಿದ್ದ. ಅಲ್ಲಿ ಇನ್ನೂ ಹೊಸ ಹಂದಿ ಬಂದಿರಲಿಲ್ಲ. ಕೈಯಲ್ಲಿ ಫೋನು.

"ಕ್ಲಿನಿಕ್ಕಿನೋರು ಮೆಸೇಜ್ ಹಾಕಿದ್ದಾರೆ," ಅಂದ ಗುದ್ರುನ್‌ಗೆ. "ಮತ್ತೆ ಬಂದ್ರೆ ಮೊದಲ ಪೆಟ್ಟಿಗೆ ಪುಕ್ಕಟೆ ಅಂತೆ. ಇದೆಲ್ಲ ಆಗೋ ಹೋಗೋ ಮಾತಲ್ಲ. ಅಟ್ಲೀಸ್ಟ್ ಅದನ್ನ ಹಚ್ಕೊಂಡಾಗ ಹೀಗೆ ಚುಚ್ಕೋಬೇಕಿರಲಿಲ್ಲ."

ಗುದ್ರುನ್ ಕಟಕಟೆಯ ಮೇಲೆ ಮೊಣಕೈ ಊರಿ ನಿಂತಳು. "ಈ ಜಾಗದಲ್ಲಿದ್ದ ಹಂದಿ ಏನಾಯ್ತು ಗೊತ್ತಾ?"

"ಲಾರಿ ಹತ್ತಿತು."

"ಯಾರು ಹತ್ತಿಸಿದ್ರು? ನಾನು ರಜೆಯಲ್ಲಿದ್ದೆ. ಎರಡನೇ ಸ್ಯಾಂಪಲ್ ಕೆಟ್ಟಿತು ಅಂತ ನೀನು ಕೆಂಪು ಗೀಟು ಎಳೆದೆ. ಮೂರನೇದು ನೋಡೋಷ್ಟು ತಾಳ್ಮೆ ಇರಲಿಲ್ಲ ನಿಂಗೆ. ಜ್ವರ ಬಂದು ಐದು ವಾರ ಆಗಿತ್ತು ಅದಕ್ಕೆ, ಅಷ್ಟೇ. ಇನ್ನೊಂದೆರಡು ವಾರ ಬಿಟ್ಟಿದ್ರೆ ಸರಿ ಹೋಗ್ತಿತ್ತೋ ಏನೋ. ನಮಗೆ ಗೊತ್ತಾಗಲ್ಲ ಇನ್ನು. ಸಾಸೇಜ್ ಆಗಿ ಹೋಯ್ತು." ಅವನ ಫೋನಿನ ಕಡೆ ಕೈ ತೋರಿಸಿ ಹೇಳಿದಳು: "ನಿಂದು ಇನ್ನೂ ಎರಡನೇ ಸ್ಯಾಂಪಲ್. ಹಂದಿಗೆ ಮಾಡಿದ್ದನ್ನೇ ನಿಂಗೂ ಮಾಡ್ಕೋಬೇಕು ಅಂತಿದ್ರೆ ಮಾಡ್ಕೋ. ಲಾರಿ ಸೋಮವಾರ ಬರತ್ತೆ."

ಟ್ರೋಲ್ಸ್ ಬಹಳ ಹೊತ್ತು ಕೂತಿದ್ದ. ಆಮೇಲೆ ಆ ಮೆಸೇಜನ್ನು ಅಳಿಸಿದ. ಅಳಿಸಿದ್ದನ್ನು ಗುದ್ರುನ್‌ಗೆ ತೋರಿಸಲು ಹೋದ, ಅವಳು ಅಷ್ಟರಲ್ಲಿ ಹೋಗಿಯಾಗಿತ್ತು. ಹೊಗಳಿಕೆಗೆ ಕೈಚಾಚುವ ಅಭ್ಯಾಸ ಅವನಿಗೆ ಸುಲಭಕ್ಕೆ ಬಿಡುವಂಥದ್ದಲ್ಲ.

ಬೋದಿಲ್ ಎಫ್‌ಎಸ್‌ಎಚ್ ಸೇರಿಸಿದಳು. ವೃಷಣದಲ್ಲಿ ಬೀಜಗಳನ್ನು ಸಾಕಿ ಬೆಳೆಸುವ ಕೋಶಗಳಿಗೆ ಅಪ್ಪಣೆ ಹೋಗುವುದು ಈ ಎರಡನೇ ಹಾರ್ಮೋನಿನಿಂದ. ಈಗ ಸೋಮ, ಬುಧ, ಶುಕ್ರ ಎರಡೆರಡು ಸೂಜಿ. ಟ್ರೋಲ್ಸ್ ಒಂದೂ ತಪ್ಪಿಸಲಿಲ್ಲ. ನಡುಬೇಸಿಗೆಯ ಸೇಂಟ್ ಹಾನ್ಸ್ ಹಬ್ಬದ ಬೆಂಕಿಯ ಸಂಜೆ, ಊರೆಲ್ಲ ಬಿಯರ್ ಹಿಡಿದು ಕಡಲ ದಂಡೆಯಲ್ಲಿ ನಿಂತಿದ್ದಾಗ, ಅವನು ಕಾರಿನ ಮರೆಗೆ ಹೋಗಿ ಅಂಗಿ ಎತ್ತಿ ಚುಚ್ಚಿಕೊಂಡು ಬಂದದ್ದನ್ನು ನಾನು ಕಂಡೆ. ಸೈಕಲ್ಲಿಗೆ ಹೆಲ್ಮೆಟ್ ಹಾಕತೊಡಗಿದ್ದ. ಕೂದಲು ತಟ್ಟೆಯಂತೆ ಮಲಗಿರುತ್ತಿತ್ತು.

ಆಗಸ್ಟಿನಲ್ಲಿ ಮೂರನೇ ಸ್ಯಾಂಪಲ್. ಆಸ್ಪತ್ರೆಯವರು ಫೋನ್ ಮಾಡಿದಾಗ ಟ್ರೋಲ್ಸ್ ಹಂದಿಯ ಕೆಳಗೆ ಕೂತಿದ್ದ, ಎರಡೂ ಕೈ ಕೆಲಸದಲ್ಲಿ. ಗುದ್ರುನ್ ಫೋನ್ ಎತ್ತಿ ಅವನ ಕಿವಿಗಿಟ್ಟು, ತಾನೂ ಕಿವಿ ಕೊಟ್ಟಳು. ಒಂದು ಮಿಲಿಲೀಟರಿನಲ್ಲಿ ಮೂರು ಲಕ್ಷ. ಓಡುವವು ಅದರಲ್ಲಿ ಅರ್ಧ.

"ಮೂರು ಲಕ್ಷ!" ಅಂದ ಟ್ರೋಲ್ಸ್.

"ಈ ಹಂದಿ ಈಗ ನಿನ್ನ ಲೋಟಕ್ಕೆ ಬಿಟ್ಟಿದ್ದರಲ್ಲಿ ಎಂಟು ಸಾವಿರ ಕೋಟಿ ಇದೆ," ಅಂದಳು ಗುದ್ರುನ್. "ಮೊದಲು ಮುಚ್ಚಳ ಹಾಕು." ಅಂದವಳು ಗೋಡೆಯ ಕಡೆ ತಿರುಗಿ ದಾರದ ಕನ್ನಡಕವನ್ನು ಅಂಗಿಯಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

ಆಮೇಲಿನದು ಬೇಗ ಹೇಳಬಹುದು. ಮಾಯ್ಕೆನ್ ಗಡುವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಸುಮ್ಮನೆ ಮುಂದಕ್ಕೆ ಹಾಕಿದಳು. ಅಕ್ಟೋಬರಿಗೆ ಎಣಿಕೆ ನಲವತ್ತು ಲಕ್ಷಕ್ಕೆ ಏರಿತು. ಸಾಮಾನ್ಯ ಗಂಡಸಿನ ಲೆಕ್ಕದಲ್ಲಿ ಅದು ಕಡಿಮೆಯೇ. ಆದರೆ ಇಂಥವರಿಗೆ ಅಷ್ಟರಲ್ಲೇ ಮನೆಯಲ್ಲೇ ಗರ್ಭ ನಿಂತದ್ದುಂಟು ಅಂದ ಬೋದಿಲ್, ಒಂದಿಷ್ಟನ್ನು ಘನೀಕರಿಸಿ ಇಡಿಸಿದಳು. ಆ ಡಬ್ಬಿ ತೆಗೆಯುವ ಪ್ರಸಂಗ ಬರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಶಾಲೆಯ ಬಸ್ಸು ಸ್ಟೇಷನ್ನಿನ ಬೇಲಿಯ ಹೊರಗೆ ನಿಂತು ಮೂರು ಸಲ ಹಾರ್ನ್ ಹೊಡೆಯಿತು. ಒಳಗಿದ್ದ ಮಕ್ಕಳಿಗೆ ಯಾಕೆಂದು ಗೊತ್ತಿರಲಿಲ್ಲ, ಅವರೂ ಕೂಗಿದರು.

ಟ್ರೋಲ್ಸ್ ಊಟದ ಕೋಣೆಗೆ ಎದೆ ಮುಂದೆ ಮಾಡಿಕೊಂಡು ಬಂದ. ಟೋಪಿ ತೆಗೆದು ಕೂದಲು ಎಬ್ಬಿಸಿದ. "ಹೇಳಿದ್ನಲ್ಲ, ನನ್ನಂಥೋನಿಗೆ ಎಷ್ಟು ಹೊತ್ತು ಅಂತ!"

"ಮೂರೂವರೆ ವರ್ಷ," ಅಂದಳು ಗುದ್ರುನ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಇನ್ನೂರ ಹತ್ತು ಗಂಡುಗಳಲ್ಲಿ ಕಡೆಯ ನಂಬರು ನಿಂದೇ."

ಸೆಪ್ಟೆಂಬರಿನಲ್ಲಿ ಮಗಳು ಆಸ್ಟಾ ಹುಟ್ಟಿದಳು. ಕೊಕ್ಕರೆ ನೆಡಲು ನಾವೇ ಹೋದೆವು. ಟೈರುಗಳ ಹಿಂದಿನಿಂದ ಎಳೆದಾಗ ಅದರ ಕೊಕ್ಕು ಮುರಿದು ಕೆಳಗೆ ಬಿತ್ತು. ಗುದ್ರುನ್ ಸ್ಟೇಷನ್ನಿನ ನೀಲಿ ಅಂಟುಪಟ್ಟಿಯಿಂದ ಅದನ್ನು ಸುತ್ತಿ ಕೂಡಿಸಿದಳು. ಕಾಲು ನಿಜವಾಗಿಯೂ ಉದ್ದವಾಗಿತ್ತು. ನೆಲದಲ್ಲಿ ಎಷ್ಟು ಹೂತರೂ ವಾಲುತ್ತಿತ್ತು.

ಮೊನ್ನೆ ಬೋದಿಲ್ ಕೇಳಿದಳಂತೆ: ಇನ್ನು ಮಕ್ಕಳು ಸಾಕು ಅನ್ನುವುದಾದರೆ ಸೂಜಿ ಬಿಡಬಹುದು, ಜೆಲ್ಲನ್ನು ನಾನೇ ಬರೆದುಕೊಡುತ್ತೇನೆ, ಸುಲಭ. ಈ ಸಲ ಫಾರಂ ಇರಲಿಲ್ಲ, ಎದುರಿಗೆ ಚೆಂದದ ಹುಡುಗಿಯೂ ಇರಲಿಲ್ಲ, ಮಾಯ್ಕೆನ್ ಇದ್ದಳು. ಟ್ರೋಲ್ಸ್ ಅವಳ ಮುಖ ನೋಡಿದ. ಅವಳು ಮಗುವಿನ ಬಾಯಿ ಒರೆಸುತ್ತಿದ್ದಳು, ಇವನ ಕಡೆ ನೋಡಲೂ ಇಲ್ಲ. ನಿನ್ನ ಬಾಯಿಂದ ಬರಲಿ ಎಂಬಂತೆ.

"ಇನ್ನೊಂದು ಬೇಕು," ಅಂದ ಟ್ರೋಲ್ಸ್.

ಹಾಗಾಗಿ ಆ ಶೀಶೆ ಇನ್ನೂ ನಮ್ಮ ಫ್ರಿಜ್ಜಿನಲ್ಲಿ ಲಿವರ್ ಪೇಸ್ಟಿನ ಪಕ್ಕದಲ್ಲೇ ಇದೆ. ಶುಕ್ರವಾರ ಬ್ರೆಡ್ ತಿನ್ನುವ ಮೊದಲು ಅವನು ಅಂಗಿ ಎತ್ತುತ್ತಾನೆ, ನಾವು ಮುಖ ತಿರುಗಿಸುತ್ತೇವೆ. "ಬೇಗ ಮುಗಿಸು ನಲವತ್ತೇಳು, ಕಾಫಿ ಆರತ್ತೆ," ಅನ್ನುತ್ತಾಳೆ ಗುದ್ರುನ್.